ನುಸಿಯೋ, ಹಕ್ಕಿಯೋ

ಹೊಗಳಿಸಿಕೊಳ್ಳಬೇಕೆಂದು ನಾನು ಆ ಚೀಟಿ ಬರೆದದ್ದಲ್ಲ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಪ್ರಾಣಿಶಾಸ್ತ್ರ ತೆಗೆದುಕೊಂಡವರೆಲ್ಲ ಒಂದೊಂದು ಪ್ರಾಜೆಕ್ಟ್ ಮಾಡಬೇಕು. ವಿಷಯ ಯಾವುದೆಂದು ಗುರುವಾರದೊಳಗೆ ವಿಭಾಗದ ರಜಿಸ್ಟರಿನಲ್ಲಿ ಬರೆಸಬೇಕು. ನನ್ನ ಹತ್ತಿರ ಎರಡು ವಿಷಯಗಳಿದ್ದವು, ಎರಡರ ನಡುವೆ ಒದ್ದಾಡಿ ವಾರವಿಡೀ ತಲೆ ಕೆಡಿಸಿಕೊಂಡಿದ್ದೆ. ನಮ್ಮ ಧನಶ್ರೀ ಮೇಡಂ ವರಾಂಡದಲ್ಲಿ ಅಡ್ಡಗಟ್ಟಿ ಕೇಳಿದರೆ ಉತ್ತರ ಕೊಡುವವರಲ್ಲ. "ಬರದು ಕೊಡ್ರಿ. ಬರಿಯೂ ಮುಂದನ ಅರ್ಧಾ ಉತ್ತರ ನಿಮಗ ಸಿಗತದ" ಅನ್ನುವುದು ಅವರ ಪದ್ಧತಿ. ಅದಕ್ಕೇ ಬರೆದೆ, ಮೂರು ಸಲ ಹರಿದು ನಾಲ್ಕನೆಯ ಸಲ ಚೆಂದದ ಅಕ್ಷರದಲ್ಲಿ.

"ಮಾನ್ಯ ಮೇಡಂ,

ಪ್ರಾಜೆಕ್ಟಿಗೆ ನನ್ನ ಮುಂದೆ ಎರಡು ವಿಷಯಗಳಿವೆ. ಒಂದು, ಸಂಗ್ರಹಿಸಿಟ್ಟ ಕಡಲೆಯಲ್ಲಿ ನುಸಿಯ ಹಾವಳಿ. ಇನ್ನೊಂದು, ನಮ್ಮೂರ ಕೆರೆಯ ಹಕ್ಕಿಗಳ ಸಮೀಕ್ಷೆ.

ನುಸಿಯದಾದರೆ ಮಾದರಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ನಮ್ಮ ಅಂಗಡಿಯ ಗೋದಾಮಿನಲ್ಲೇ ನುಸಿ ಬೇಕಾದಷ್ಟಿದೆ. ಜರಡಿ, ಭೂತಗನ್ನಡಿ ಇದ್ದರೆ ಸಾಕು. ಬೇಸಿಗೆಯಲ್ಲಿ ಅದರ ಒಂದು ತಲೆಮಾರು ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಮುಗಿಯುವುದರಿಂದ ಸೆಮಿಸ್ಟರಿನೊಳಗೆ ಫಲಿತಾಂಶ ಸಿಗುತ್ತದೆ. ಆದರೆ ಇದರಲ್ಲಿ ಹೊಸದೇನಿದೆ ಎಂದು ಪರೀಕ್ಷಕರು ಕೇಳಬಹುದು.

ಹಕ್ಕಿಗಳ ವಿಷಯ ನನಗೆ ಹೆಚ್ಚು ಇಷ್ಟ. ಆದರೆ ಚಳಿಗಾಲಕ್ಕೆ ಬಂದ ಹಕ್ಕಿಗಳು ಈಗ ಹೊರಟುಹೋಗುವ ಕಾಲ. ದುರ್ಬೀನು ಇಲ್ಲ. ಒಂದೇ ಋತುವಿನ ಎಣಿಕೆಯಿಂದ ಹೆಚ್ಚೇನೂ ಹೇಳಲಾಗದು.

ನನಗೆ ಯಾವುದು ಸೂಕ್ತ ಎಂದು ದಯವಿಟ್ಟು ತಿಳಿಸಿ.

ಮಹಾನಂದಾ"

ಮಂಗಳವಾರ ಸಂಜೆ ಚೀಟಿಯನ್ನು ಮೇಡಂ ಮೇಜಿನ ಮೇಲಿಟ್ಟು ಬಂದೆ. ಬುಧವಾರ ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತಿರುವಾಗ ಫೋನು ಒಂದೇ ಸಮನೆ ಟಿಂಗ್ ಟಿಂಗ್ ಎನ್ನತೊಡಗಿತು. ನೋಡಿದರೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಚೀಟಿಯ ಫೋಟೋ! ಕೆಳಗೆ ಮೇಡಂ ಬರೆದಿದ್ದರು: "ಮಾರ್ಗದರ್ಶನ ಕೇಳುವ ಚೀಟಿ ಹೀಗಿರಬೇಕು. ಚಿಕ್ಕದು, ಎರಡೂ ಕಡೆ ತೂಗಿ ನೋಡಿದ್ದು. ಎಲ್ಲರೂ ಓದಿ ಕಲಿಯಿರಿ."

ನಾನು ಉಬ್ಬಿಹೋದೆ ಎಂದು ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ. ಮೂರು ವರ್ಷದಲ್ಲಿ ಮೇಡಂ ಯಾರನ್ನೂ ಹೀಗೆ ಮೆಚ್ಚಿದ್ದಿಲ್ಲ. ಅರ್ಧ ಜಡೆಯಲ್ಲೇ ಅಡುಗೆಮನೆಗೆ ಓಡಿ ಅವ್ವನಿಗೆ ತೋರಿಸಿದೆ. ಅವ್ವ ರೊಟ್ಟಿ ಬಡಿಯುತ್ತಲೇ ಫೋನಿನತ್ತ ಕಣ್ಣು ಹಾಯಿಸಿ, "ಅಕ್ಷರಾ ಅಗದಿ ಛಲೋ ಅದಾವ ನೋಡ" ಎಂದಳು. ನಾನು ಕೇಳಿದ ಪ್ರಶ್ನೆಗೆ ಮೇಡಂ ಉತ್ತರವನ್ನೇ ಕೊಟ್ಟಿಲ್ಲ ಎನ್ನುವುದು ಕೂಡ ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಅರ್ಫಾ ಫೋನು ಮಾಡಿದಳು. ಅರ್ಫಾ ನನ್ನ ಕ್ಲಾಸಿನವಳು, ಮೂರು ವರ್ಷದಿಂದ ಒಂದೇ ಬೆಂಚು. ಅಣ್ಣಿಗೇರಿಯ ಬಾಜೂ ಹಳ್ಳಿಯಿಂದ ಬಸ್ಸಿಗೆ ಬರುತ್ತಾಳೆ. ಶಭಾಷ್ ಹೇಳಲು ಮಾಡಿದ್ದಾಳೆಂದು ನಾನು ನಗುತ್ತಲೇ ಎತ್ತಿದೆ.

"ಲೇ, ಏನ್ ಬರದೀ ಅದರಾಗ?" ಎಂದಳು. ದನಿ ಸರಿಯಿರಲಿಲ್ಲ.

"ಯಾಕ? ಛಲೋ ಇಲ್ಲೇನು?"

"ಛಲೋ ಐತಿ ತಗೋ. ನಿಮ್ಮ ಗೋದಾಮಿನ್ಯಾಗ ನುಸಿ ಬೇಕಾದಷ್ಟು ಐತಿ ಅಂತ ಬರದೀಯಲ್ಲ, ನಮ್ಮ ಕಡ್ಲಿ ಚೀಲಾ ಎಲ್ಲೆ ಅದಾವು? ನಾ ಅಜ್ಜಾಗ ತೋರಸಿದೆ, ನಮ್ಮ ಮಹಾನಂದಾನ ಚೀಟಿ ಮೇಡಂ ಹಾಕ್ಯಾರ ನೋಡಂತ. ಅಂವಾ ಓದಿದಾಂವನ ಚಾ ಬಿಟ್ಟು ಎದ್ದಾನ. ಈಗ ನಾವಿಬ್ರೂ ಬಸ್ಸಿಗೆ ನಿಂತೀವಿ. ಸೀದಾ ನಿಮ್ಮ ಅಂಗಡಿಗೆ ಬರಾಕತ್ತೀವಿ."

ನನ್ನ ಕೈಯಲ್ಲಿದ್ದ ಜಡೆ ಬಿಚ್ಚಿಹೋಯಿತು.

ನಮ್ಮ ಅಪ್ಪ ಈರಬಸಪ್ಪನಿಗೆ ಅಣ್ಣಿಗೇರಿಯ ಮಾರುಕಟ್ಟೆ ಪ್ರಾಂಗಣದಲ್ಲಿ ದಲಾಲಿ ಅಂಗಡಿ ಇದೆ. ರೈತರು ಕಡಲೆ, ಹೆಸರು ತಂದು ಅಂಗಡಿಯ ಮುಂದೆ ಇಳಿಸುತ್ತಾರೆ. ಖರೀದಿದಾರರು ಬೆಳಿಗ್ಗೆ ಬಂದು ಕಾಳು ನೋಡಿ ಮಧ್ಯಾಹ್ನದೊಳಗೆ ಟೆಂಡರ್ ಹಾಕುತ್ತಾರೆ, ಹೆಚ್ಚು ದರ ಹಾಕಿದವರಿಗೆ ಮಾಲು. ಆವತ್ತಿನ ದರ ಮನಸ್ಸಿಗೆ ಬರದ ರೈತರು ಚೀಲಗಳನ್ನು ಅಪ್ಪನ ಗೋದಾಮಿನಲ್ಲೇ ಇಟ್ಟು ಹೋಗುತ್ತಾರೆ, ದರ ಏರಿದಾಗ ಮಾರಿಕೊಡು ಎಂದು. ಅಂದರೆ ಗೋದಾಮಿನಲ್ಲಿ ಇರುವುದು ನಮ್ಮ ಕಾಳಲ್ಲ. ಅಪ್ಪನನ್ನು ನಂಬಿ ಊರವರು ಇಟ್ಟುಹೋದ ಕಾಳು. ಅಲ್ಲಿ ನುಸಿ ತುಂಬಿದೆ ಎಂದು ಅವನ ಮಗಳೇ ಬರೆದು ಸಹಿ ಹಾಕಿದ್ದಾಳೆ, ಅದನ್ನು ಮೇಡಂ ಓದಿ ಕಲಿಯಿರಿ ಎಂದಿದ್ದಾರೆ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕೆ ಅರ್ಧ ಜನ ಅಪ್ಪನ ಅಂಗಡಿಗೆ ಕಾಳು ತರುವವರ ಮಕ್ಕಳು.

ಮೇಡಂಗೆ ಫೋನು ಮಾಡಿದೆ. ಕಾಲೇಜಿಗೆ ಹೊರಟ ಮೇಲೆ ಸಂಜೆಯವರೆಗೆ ಅವರು ಫೋನು ಮುಟ್ಟುವುದಿಲ್ಲ, ಅದೂ ಅವರ ಪದ್ಧತಿಯೇ. "ಮೇಡಂ, ದಯವಿಟ್ಟು ಆ ಫೋಟೋ ಗುಂಪಿನಿಂದ ತೆಗೆಯಿರಿ" ಎಂದು ಬರೆದು ಕಳಿಸಿದೆ. ಆಮೇಲೆ ಕಾಲೇಜಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮಾರುಕಟ್ಟೆಗೆ ಹೊರಟೆ. "ರೊಟ್ಟಿ ತಿಂದು ಹೋಗ" ಎಂದು ಅವ್ವ ಹಿಂದಿನಿಂದ ಕೂಗುತ್ತಿದ್ದಳು. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ, ಅಪ್ಪನಿಗೆ ಇನ್ನೂ ಗೊತ್ತಾಗಿರಬಾರದು. ನಾನೇ ಮೊದಲು ಹೇಳಿಬಿಡಬೇಕು.

ಹೋಗುವಷ್ಟರಲ್ಲಿ ಗೊತ್ತಾಗಿತ್ತು. ಅಪ್ಪ ಗಾದಿಯ ಮೇಲೆ ಕೂತು, ಚಷ್ಮಾ ಹಣೆಗೇರಿಸಿ, ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದ. ಯಾರೋ ಕಳಿಸಿಯೇ ಇದ್ದರು. ಅಂಗಡಿಯ ಮುಂದೆ ಈ ವರ್ಷದ ಹೊಸ ಕಡಲೆಯ ರಾಶಿಗಳು ಸಾಲಾಗಿದ್ದವು, ಕಾಳಿನ ಒಡೆಯರು ರಾಶಿಗಳ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ಬೇಳೆ ಮಿಲ್ಲಿಗೆ ಕಡಲೆ ಕೊಳ್ಳುವ ಕಾಶಿನಾಥ ಕಾಕಾ ದಿನಾ ಮೊದಲು ಬರುವುದು ನಮ್ಮ ಅಂಗಡಿಗೆ. ಅವತ್ತು ಆಚೆ ಅಂಗಡಿಯಲ್ಲಿ ಕಾಳು ನೋಡಿ, ನಮ್ಮದನ್ನು ದಾಟಿ, ಈಚೆ ಅಂಗಡಿಗೆ ಹೋದರು. ಅಪ್ಪ ಅದನ್ನೂ ನೋಡಿದ.

"ನೀನ ಬರದದ್ದೇನಿದು?" ಎಂದು ಕೇಳಿದ.

"ಹೌದಪ್ಪಾ."

"ನುಸಿ ಎಲ್ಲೆ ನೋಡಿದಿ?"

"ಗೋದಾಮಿನ ಮೂಲ್ಯಾಗ. ಕಸಾ ಉಡಗಿದ ಕಾಳು ಡಬ್ಬಿಗೆ ತುಂಬಿ ಇಟ್ಟೀರಲ್ಲಾ, ಅದರಾಗ. ಐತವಾರ ಬುತ್ತಿ ಕೊಡಾಕ ಬಂದಾಗ ನೋಡಿದೆ. ಒಂದು ಬಾಟ್ಲಿ ತುಂಬಕೊಂಡೂ ಹೋದೆ."

"ಚೀಲಾ ಬಿಚ್ಚಿ ನೋಡಿದಿಯೇನು?"

"ಇಲ್ಲ."

"ಒಂದರ?"

"ಇಲ್ಲಪ್ಪಾ."

"ಹಂಗಾರ ಗೋದಾಮಿನ್ಯಾಗ ಬೇಕಾದಷ್ಟು ಐತಿ ಅಂತ ಯಾವ ಲೆಕ್ಕದ ಮ್ಯಾಲೆ ಬರದಿ?"

ಮಾದರಿ ತೆಗೆಯುವುದು ಹೇಗೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ತೆಗೆದುಕೊಂಡವಳು ನಾನು. ಒಂದು ಮೂಲೆಯ ಕಸದ ಡಬ್ಬಿ ನೋಡಿ ಇಡೀ ಗೋದಾಮಿನ ಬಗ್ಗೆ ತೀರ್ಪು ಕೊಟ್ಟಿದ್ದೆ, ಅದೂ ನನ್ನ ವಿಷಯ ಸಲೀಸೆಂದು ಮೇಡಂಗೆ ತೋರಿಸಲು. ಅಪ್ಪ ಕೂಗಾಡಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ, ನನಗೆ ಆ ಚಟ ಇದೆ. ಅವನು ಚಷ್ಮಾ ಕೆಳಗಿಳಿಸಿ ಲೆಕ್ಕದ ಪುಸ್ತಕ ಮುಂದೆಳೆದುಕೊಂಡ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

ಆಗ ಅರ್ಫಾಳ ಅಜ್ಜ ದಾವೂದಸಾಬ ಬಂದ, ಹಿಂದೆಯೇ ಅರ್ಫಾ. ಅವಳು ನನ್ನ ಮುಖ ನೋಡದೆ ಕಂಬದ ಹತ್ತಿರ ನಿಂತಳು. ಅಜ್ಜ ಮತ್ತು ಅಪ್ಪನ ವ್ಯವಹಾರ ನಾನು ಹುಟ್ಟುವ ಮೊದಲಿನದು. ಹಬ್ಬಕ್ಕೆ ಅವರ ಮನೆಯ ಸುರಕುಂಬಾ ಪಾಯಸ ನಮ್ಮ ಮನೆಗೆ, ನಮ್ಮ ಮನೆಯ ಹೋಳಿಗೆ ಅವರ ಮನೆಗೆ ತಪ್ಪಿದ್ದಿಲ್ಲ. ಕಳೆದ ವರ್ಷದ ಕಡಲೆಯನ್ನು ಅಜ್ಜ ಮಾರದೆ ಇಲ್ಲೇ ಇಟ್ಟಿದ್ದ.

"ಈರಬಸಪ್ಪಾ, ಇದು ಖರೇನೋ ಸುಳ್ಳೋ?" ಎಂದ ಅಜ್ಜ. ಕೂಡಲಿಲ್ಲ, ಅಪ್ಪ ಮುಂದೆ ಸರಿಸಿದ ನೀರು ಕುಡಿಯಲಿಲ್ಲ.

"ಹುಡುಗಿ ಕಸದ ಡಬ್ಬಿ ನೋಡಿ ಬರದಾಳ, ದಾವೂದ ಕಾಕಾ. ಚೀಲಾ ನೋಡಿಲ್ಲಾಕಿ."

"ಹಂಗಾರ ಈಗ ನೋಡ್ಲಿ. ಬರದಾಕಿನ ನೋಡಿ ಹೇಳ್ಲಿ."

ರಾಶಿಗಳ ಹತ್ತಿರ ನಿಂತ ರೈತರೂ ಬಂದು ಸುತ್ತುಗಟ್ಟಿದರು. "ಹೌದ್ರಿ ಸಾವಕಾರ್ರ, ನೋಡೇ ಬಿಡ್ಲಿ. ಇಲ್ಲಂದ್ರ ಇವತ್ತು ನಮ್ಮ ಕಾಳಿಗೂ ಯಾರೂ ಟೆಂಡರ್ ಹಾಕೂದಿಲ್ಲ" ಎಂದ ಒಬ್ಬ. ಅವನ ಮಾತು ಸುಳ್ಳಾಗಿರಲಿಲ್ಲ. ಈಚೆ ಅಂಗಡಿಯಿಂದ ಕಾಶಿನಾಥ ಕಾಕಾ ಕೂಡ ನಿಧಾನಕ್ಕೆ ಈ ಕಡೆ ಬಂದು ಹಿಂದೆ ನಿಂತರು. ಅಪ್ಪ ಸೊಂಟದ ಕೀಲಿಗೊಂಚಲು ಬಿಚ್ಚಿ ಹಮಾಲ ಮಶಾಕಸಾಬನ ಕೈಗೆ ಕೊಟ್ಟ. ಗೋದಾಮಿನ ಬಾಗಿಲು ತೆರೆಯಿತು.

ಕಾಲೇಜಿನ ಚೀಲದಲ್ಲಿ ಭೂತಗನ್ನಡಿ ಇತ್ತು. ಜರಡಿ, ತಾಟು, ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕಬ್ಬಿಣದ ಕೊಳವೆ ಅಂಗಡಿಯಲ್ಲೇ ಇದ್ದವು. ಗೋದಾಮಿನ ಬಾಗಿಲ ಬೆಳಕಿನಲ್ಲಿ ಚಾಪೆ ಹಾಸಿಕೊಂಡು ಕೂತೆ. ಮುಂದಿನ ನಿಟ್ಟಿನಿಂದ, ಅಂದರೆ ಬಾಗಿಲಿಗೆ ಹತ್ತಿರ ಒಂದರ ಮೇಲೊಂದು ಒಟ್ಟಿದ ಚೀಲಗಳಿಂದ, ಮಶಾಕಸಾಬ ಕೊಳವೆ ಚುಚ್ಚಿ ಕಾಳು ತೆಗೆದುಕೊಟ್ಟ. ಮೇಲಿನ ಚೀಲ, ನಡುವಿನದು, ಬುಡದ್ದು ಎಂದು ನಾನೇ ತೋರಿಸಿ ತೋರಿಸಿ ತೆಗೆಸಿದೆ. ಎಲ್ಲವನ್ನೂ ತಾಟಿನಲ್ಲಿ ಕಲಸಿ ನೂರು ಕಾಳು ಎಣಿಸತೊಡಗಿದೆ.

ನುಸಿ ಹಿಡಿದ ಕಾಳು ಗುರುತಿಸುವುದು ಕಷ್ಟವಲ್ಲ. ಸಿಪ್ಪೆಯ ಮೇಲೆ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದು ಮೊಟ್ಟೆ. ದುಂಡನೆಯ ತೂತು ಬಿದ್ದಿದ್ದರೆ ಹುಳ ಬೆಳೆದು ಹೊರಗೆ ಬಂದಾಗಿದೆ. ಮರಿ ಕಾಳಿನ ಒಳಗೇ ಕೂತು ತಿನ್ನುವುದರಿಂದ ಎರಡನ್ನೂ ನೋಡಬೇಕು, ತೂತಿಲ್ಲವೆಂದು ಕೈಬಿಡುವಂತಿಲ್ಲ. ಇಷ್ಟು ಸುಲಭದ ಕೆಲಸ ಆ ಹೊತ್ತು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಕಾಳು ಜಾರಿದವು, ಎಣಿಕೆ ತಪ್ಪಿತು. ಮೊದಲಿನಿಂದ ಶುರು ಮಾಡಿದೆ. ತಲೆಯ ಮೇಲೆ ಹತ್ತಾರು ಜನ ಬಗ್ಗಿ ನಿಂತಿದ್ದರು. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರು ಇವರ ಮುಂದೆ ಏನೂ ಅಲ್ಲ ಅನಿಸಿತು.

ನೂರೂ ಸ್ವಚ್ಛ ಇದ್ದವು. ನಂಬಿಕೆ ಬರದೆ ಇನ್ನೊಂದು ನೂರು ನೋಡಿದೆ. ಅವೂ ಸ್ವಚ್ಛ. ಜರಡಿ ಹಿಡಿದರೆ ಬರೀ ಧೂಳು ಬಿತ್ತು.

"ಇಲ್ಲ" ಎಂದೆ. "ಇದರಾಗ ನುಸಿ ಇಲ್ಲ."

ಸುತ್ತ ನಿಂತವರ ಉಸಿರು ಸಡಿಲವಾಯಿತು. ಯಾರೋ ನಕ್ಕರು. "ಹುಡುಗ್ರ ಅಭ್ಯಾಸ ರೀ, ಏನೋ ಬರದಿರ್ತಾವು" ಎಂದರು ಇನ್ನೊಬ್ಬರು. ಕಾಶಿನಾಥ ಕಾಕಾ ಟೆಂಡರ್ ಹಾಕಲು ಜೇಬಿನಿಂದ ಫೋನು ತೆಗೆದರು. ಅಪ್ಪನ ಮುಖಕ್ಕೆ ಬಣ್ಣ ಬಂತು.

"ಆತಲ್ಲ, ಎಲ್ಲಾರೂ ನೋಡಿದ್ರೆಲಾ? ಏಳವಾ ತಂಗಿ, ಕಾಲೇಜಿಗೆ ಹೊತ್ತಾತು" ಎಂದ.

ಎದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದಾವೂದಸಾಬ ಅಜ್ಜನೂ ಗಡ್ಡ ನೀವಿಕೊಂಡು ಆ ನೀರಿನ ಲೋಟಕ್ಕೆ ಕೈ ಹಾಕಿದ್ದ. ಏಳಬೇಕೆಂದೇ ಮೊಣಕಾಲೂರಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಕಣ್ಣು ಮಶಾಕಸಾಬನ ಬೆನ್ನ ಹಿಂದೆ, ಕಿಟಕಿ ಬಾಜೂಕಿನ ನಿಟ್ಟನ್ನೂ ದಾಟಿ, ಗೋಡೆಗೆ ಒತ್ತಿ ನಿಂತ ಹಿಂದಿನ ನಿಟ್ಟಿನ ಮೇಲೆ ಹೋಯಿತು. ಅದರ ಬುಡದಲ್ಲೇ ಕಸದ ಡಬ್ಬಿ ಇತ್ತು. ಮುಂದಿನ ಚೀಲಗಳನ್ನಷ್ಟೇ ನೋಡಿ ಇಡೀ ಗೋದಾಮು ಸ್ವಚ್ಛ ಎನ್ನುವುದಕ್ಕೂ, ಡಬ್ಬಿಯನ್ನಷ್ಟೇ ನೋಡಿ ಇಡೀ ಗೋದಾಮು ಹಾಳು ಎನ್ನುವುದಕ್ಕೂ ಏನು ವ್ಯತ್ಯಾಸ? ನಿನ್ನೆ ಮಾಡಿದ ತಪ್ಪನ್ನೇ ಇವತ್ತು ತಿರುವಿ ಹಾಕಿ ಮಾಡುತ್ತಿದ್ದೆ. ಈ ಸಲ ಮಾಡಿದರೆ ಅಪ್ಪನಿಗೆ ಒಳ್ಳೆಯದಾಗುತ್ತಿತ್ತು, ಅಷ್ಟೇ.

ಅಪ್ಪನನ್ನು ನೋಡಿದೆ. ಅವನೂ ಆ ನಿಟ್ಟಿನತ್ತಲೇ ನೋಡುತ್ತಿದ್ದವನು ತಟ್ಟನೆ ಕಣ್ಣು ತೆಗೆದ. ನನಗೆ ಭಯವಾಯಿತು.

"ಹಿಂದಿನ ನಿಟ್ಟು ನೋಡಿಲ್ಲಪ್ಪಾ" ಎಂದೆ.

"ಏನಂದಿ?"

"ಹಿಂದಿನ ನಿಟ್ಟು. ಅದನ್ನ ನೋಡಲಾರದ ಇಲ್ಲ ಅನ್ನಾಕ ಬರೂದಿಲ್ಲ."

ದಾವೂದಸಾಬ ಅಜ್ಜ ಲೋಟ ಕೆಳಗಿಟ್ಟ. "ಅವು ನಮ್ಮ ಚೀಲಾ" ಎಂದ.

ಅಪ್ಪ ಬೇಡ ಎನ್ನಬಹುದಿತ್ತು. ಅಷ್ಟು ಜನರ ನಡುವೆ ಮಗಳ ಕೈ ಹಿಡಿದು ಎಬ್ಬಿಸಿ ಮನೆಗೆ ಕಳಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಮಶಾಕಸಾಬನಿಗೆ, "ತಗೀ" ಎಂದ.

ಮೇಲಿನ ಚೀಲದಿಂದ ಬಂದ ಕಾಳು ಪರವಾಗಿರಲಿಲ್ಲ. ಬುಡದ ಚೀಲಕ್ಕೆ ಕೊಳವೆ ಚುಚ್ಚಿ ಎಳೆದಾಗ ಕಾಳಿನ ಜೊತೆ ಹಿಟ್ಟು ಉದುರಿತು. ಭೂತಗನ್ನಡಿ ಬೇಕಾಗಿರಲಿಲ್ಲ. ಆದರೂ ಎಣಿಸಿದೆ, ಕಾಳು ಕಾಳೂ ತಿರುವಿ ನೋಡಿದೆ, ಯಾಕೆಂದರೆ ಎಣಿಸುವಷ್ಟು ಹೊತ್ತು ತಲೆ ಎತ್ತಬೇಕಾಗಿರಲಿಲ್ಲ. ನೂರರಲ್ಲಿ ಹನ್ನೊಂದಕ್ಕೆ ತೂತು, ಇನ್ನೂ ಒಂಬತ್ತಕ್ಕೆ ಬಿಳಿ ಚುಕ್ಕೆ. ಜರಡಿಯ ಕೆಳಗಿನ ತಾಟಿನಲ್ಲಿ ಸಣ್ಣ ಕಂದು ಹುಳಗಳು ಓಡಾಡತೊಡಗಿದವು.

"ಐತಿ" ಎಂದೆ. "ಬುಡದ ಚೀಲದಾಗ ನುಸಿ ಐತಿ, ಅಜ್ಜಾ."

ದಾವೂದಸಾಬ ಅಜ್ಜ ತಾಟಿಗೆ ಬಗ್ಗಿ ನೋಡಿದ. ನನ್ನ ಮೇಲೆ ಸಿಟ್ಟಾಗಲಿಲ್ಲ. ಅಪ್ಪನ ಕಡೆ ತಿರುಗಿದ.

"ಮಳಿ ನಿಂತ ಮ್ಯಾಲೆ ಚೀಲಾ ಬಿಚ್ಚಿ ಬಿಸಲಿಗೆ ಹಾಕಿ ಒಟ್ಟಿಸ್ತೀನಿ ಅಂದಿದ್ದಿ. ಪ್ರತಿ ವರ್ಷಾ ಹಂಗ ಮಾಡ್ತಿದ್ದಿ."

"ಅಂದಿದ್ದೆ" ಎಂದ ಅಪ್ಪ.

"ಮತ್ತ?"

"ಮುಂದಿನ ನಿಟ್ಟು ಒಣಗಿಸಿದೆ ಕಾಕಾ. ಅಷ್ಟರಾಗ ಹಮಾಲ್ರು ಹತ್ತಿ ಲಾರಿ ಲೋಡ್ ಮಾಡಾಕ ಹ್ವಾದ್ರು. ಆಮ್ಯಾಲೆ ಮಾಡಿದ್ರಾತು ಅಂದೆ. ಮಾಡಲಿಲ್ಲ. ತಪ್ಪು ನಂದ ಐತಿ."

"ಹೇಳಬೇಕಿತ್ತಲ್ಲೋ. ಒಂದ ಮಾತು ಹೇಳಿದ್ರ ನಾನ ಬಂದು ಒಣಗಿಸಿಕೋತಿದ್ನಿ." ಅಜ್ಜ ತಾಟನ್ನು ಆಚೆ ಸರಿಸಿದ. "ನುಸಿ ಹತ್ತಿದ್ದಕ್ಕ ಅಲ್ಲ ನಾ ಅನ್ನೂದು. ಕಾಳಿಗೆ ನುಸಿ ಹತ್ತತೈತಿ. ಮೊಮ್ಮಗಳ ಫೋನಿನ್ಯಾಗ ಓದಿ ತಿಳಕೋಬೇಕಾತಲ್ಲ, ಅದಕ್ಕ."

ಅಪ್ಪ ತಲೆ ತಗ್ಗಿಸಿ ನಿಂತ. ಅವನು ಹಾಗೆ ನಿಂತದ್ದನ್ನು ನಾನು ಹಿಂದೆ ನೋಡಿರಲಿಲ್ಲ, ನೋಡುವಂತೆ ಮಾಡಿದವಳು ನಾನೇ. ಅಳು ಒತ್ತಿಕೊಂಡು ಬಂತು. ಅಳಲಿಲ್ಲ, ತಾಟಿನ ಹುಳಗಳನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿದೆ.

ಅಜ್ಜ ಟ್ರ್ಯಾಕ್ಟರ್ ತರಿಸಿ ಅವತ್ತೇ ಚೀಲಗಳನ್ನೆಲ್ಲ ಹೇರಿಸಿಕೊಂಡು ಹೊರಟ, ಮನೆಯ ಮಾಳಿಗೆ ಮೇಲೆ ಹರವಿ ಒಣಗಿಸಿ, ಜರಡಿ ಹಿಡಿಯುತ್ತೇನೆಂದು. ಅಪ್ಪ ತಾನೇ ಚೀಲಗಳಿಗೆ ಕೈ ಹಚ್ಚಿದ. ಅಜ್ಜ ಬೇಡವೆನ್ನಲಿಲ್ಲ. ಅರ್ಫಾ ಟ್ರಾಲಿಯ ಹಿಂದೆ ನಡೆದು ಹೋದಳು. ತಿರುಗಿ ನೋಡುತ್ತಾಳೆಂದು ಗೇಟಿನವರೆಗೂ ಕಾದೆ. ನೋಡಲಿಲ್ಲ.

ಕಾಶಿನಾಥ ಕಾಕಾ ಇನ್ನೂ ಅಲ್ಲೇ ಇದ್ದರು. ಇನ್ನು ಅವರು ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡಿದ್ದೆ. ಅವರು ಅಂಗಡಿಯ ಮುಂದಿನ ಹೊಸ ಕಡಲೆಯ ರಾಶಿಯೊಂದರಿಂದ ಬೊಗಸೆ ತುಂಬ ಕಾಳು ತಂದು ನನ್ನ ತಾಟಿಗೆ ಸುರಿದರು.

"ಇದನ್ನೂ ನೋಡಿ ಹೇಳು."

ನೋಡಿದೆ. "ಸ್ವಚ್ಛ ಐತ್ರಿ, ಕಾಕಾ."

"ಆತು" ಎಂದು ಅಲ್ಲೇ ನಿಂತು ಫೋನಿನಲ್ಲಿ ಟೆಂಡರ್ ಹಾಕಿದರು. ಕೆಟ್ಟದ್ದನ್ನು ಕೆಟ್ಟದ್ದು ಎಂದವಳು ಸ್ವಚ್ಛ ಎಂದರೆ ನಂಬಬಹುದೆಂದು ಅವರ ಲೆಕ್ಕ ಇರಬೇಕು. ಉಳಿದ ರೈತರು ಒಬ್ಬೊಬ್ಬರೇ ತಮ್ಮ ಕಾಳು ಹಿಡಿದುಕೊಂಡು ಬಂದರು. "ನಂದೂ ನೋಡವಾ", "ನಂದೊಂದೀಟು ನೋಡ ತಂಗಿ." ಆವತ್ತಿನ ಕಾಲೇಜು ಹಾಗೇ ಹೋಯಿತು. ಮಧ್ಯಾಹ್ನ ದರ ತೆರೆದಾಗ ನಮ್ಮ ಅಂಗಡಿಯ ರಾಶಿಗಳಿಗೆ ಬಾಜೂ ಅಂಗಡಿಯಷ್ಟೇ ದರ ಬಂದಿತ್ತು. ಅಪ್ಪ ಅದನ್ನು ಓದಿ ಹೇಳಿದ, ನಗಲಿಲ್ಲ.

ನಾಲ್ಕು ಗಂಟೆಗೆ ಮೇಡಂ ಫೋನು ಬಂತು. ನನ್ನ ಸಂದೇಶವನ್ನು ಆಗಷ್ಟೇ ನೋಡಿದ್ದರು, ಊರಿನ ಸುದ್ದಿಯೂ ಅವರಿಗೆ ಮುಟ್ಟಿತ್ತು.

"ಮಹಾನಂದಾ, ಆ ಸಾಲು ನನ್ನ ಕಣ್ಣಿಗೆ ಬೀಳಲೇ ಇಲ್ಲ ನೋಡು. ನೀ ಎಷ್ಟು ಛಂದ ತೂಗಿ ನೋಡೀದಿ ಅನ್ನೂದಷ್ಟ ನೋಡಿದೆ. ಫೋಟೋ ತಗದೀನಿ. ತಂದಿಯವರಿಗೆ ನಾನ ಬಂದು ಹೇಳ್ತೀನಿ." ಮತ್ತೆ ಅವರೇ, "ನೀ ಕೇಳಿದ್ದಕ್ಕ ಉತ್ತರ ಕೊಡೂದ ಉಳದದ. ಹಕ್ಕೀದು ತಗೋ. ಅದರಾಗ ಯಾರಿಗೂ ತ್ರಾಸ ಇಲ್ಲ. ನಾಳೆ ರಜಿಸ್ಟರಿನೊಳಗ ಹಂಗ ಬರಸೂಣು. ಏನಂತಿ?"

ವಾರವಿಡೀ ನಾನು ಕಾದದ್ದು ಇದೇ ಉತ್ತರಕ್ಕೆ. ಹಕ್ಕಿಯ ವಿಷಯವೇ ನನಗೆ ಇಷ್ಟ ಎಂದು ನಾನೇ ಬರೆದಿದ್ದೆ. ಖುಷಿಯಾಗಬೇಕಿತ್ತು, ಆಗಲಿಲ್ಲ. "ನಾಳೆ ಬಂದು ಹೇಳ್ತೀನ್ರಿ ಮೇಡಂ" ಎಂದು ಇಟ್ಟೆ.

ಸಂಜೆ ಮನೆಗೆ ಬಂದೆ. ಅವ್ವನಿಗೆ ಎಲ್ಲ ಗೊತ್ತಾಗಿತ್ತು, ನನ್ನ ತಟ್ಟೆಗೆ ಎರಡು ರೊಟ್ಟಿ ಹಾಕಿ ತಲೆ ಸವರಿ ಒಳಗೆ ಹೋದಳು. ಅರ್ಫಾಳಿಂದ ಒಂದು ಸಂದೇಶ ಬಂತು. ತೆರೆಯಲು ಹೆದರಿಕೆಯಾಗಿ ಬಹಳ ಹೊತ್ತು ಫೋನು ಬೋರಲು ಹಾಕಿಟ್ಟಿದ್ದೆ. ತೆರೆದರೆ ಅವರ ಮಾಳಿಗೆಯ ಫೋಟೋ, ಉದ್ದಕ್ಕೂ ಹರವಿದ ಕಡಲೆ. ಕೆಳಗೆ ಬರೆದಿದ್ದಳು: "ಅಜ್ಜಾ ಇನ್ನೂ ಸಿಟ್ಟಿನ್ಯಾಗ ಅದಾನ. ನಾನೂ ಅದೀನಿ. ನಂದೂ ಪ್ರಾಜೆಕ್ಟ್ ವಿಷಯ ಇನ್ನಾ ನಿಶ್ಚಯ ಆಗಿಲ್ಲ. ಬಿಸಲಿಗೆ ಹಾಕಿದ ಮ್ಯಾಲೆ ನುಸಿ ಎಷ್ಟು ಕಡಿಮಿ ಆಗತೈತಿ ಅಂತ ನಾ ನೋಡ್ಲೇನು? ಮಾದರಿ ಹುಡುಕೂ ಕೆಲಸಾ ಇಲ್ಲ, ನಮ್ಮ ಮನ್ಯಾಗನ ಬೇಕಾದಷ್ಟು ಐತಿ."

ಆ ಕೊನೆಯ ಮಾತು ಓದಿ ಅಳು ಬಂತು. ಬೆಳಗಿನಿಂದ ತಡೆದದ್ದು ಅಷ್ಟೂ ಬಂತು.

ಅಪ್ಪ ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಕೂತ. ನಾನು ಕಣ್ಣೊರೆಸಿಕೊಂಡು ಬಾಗಿಲಲ್ಲಿ ನಿಂತೆ. ಏನಾದರೂ ಬೈದರೆ ಸಾಕು ಎನಿಸುತ್ತಿತ್ತು.

"ನಿಮ್ಮ ಮೇಡಂ ಏನಂದ್ರು?" ಎಂದು ಕೇಳಿದ.

"ಹಕ್ಕೀದು ತಗೋ ಅಂದ್ರು."

"ನೀ ಏನಂದಿ?"

"ನಾಳೆ ಹೇಳ್ತೀನಿ ಅಂದೆ." ಆಮೇಲೆ, "ಹಕ್ಕೀದ ತಗೋತೀನಪ್ಪಾ. ನಿನಗ ತ್ರಾಸ ಆಗೂದು ಬ್ಯಾಡ" ಎಂದೆ. ಅನ್ನುವಾಗ ಅದು ನಿಜವೇ ಆಗಿತ್ತು.

ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಹಕ್ಕಿ ಹೊಂಟುಹೋಗೂ ಕಾಲ ಅಂತ ಚೀಟಿದಾಗ ನೀನ ಬರದಿ" ಎಂದ. "ನುಸಿ ಎಲ್ಲೂ ಹೋಗಿಲ್ಲ. ಕಿಟಕಿ ಬಾಜೂಕಿನ ನಿಟ್ಟು ಇವತ್ತು ಯಾರೂ ನೋಡಿಲ್ಲ. ನಾಳೆ ಮುಂಜಾನೆ ಅಂಗಡಿಗೆ ಲಗೂನ ಬಾ."